ನರ್ಸ್‌ಗಳ ಬಿಎಲ್‌ಎಸ್ ಕಾರ್ಡ್ ಯಾರದು ಯಾವಾಗ ಮುಗಿಯುತ್ತದೆ? ಚೆಲ್ಲಾಡಿದ ದಾಖಲೆಗಳಿಂದ ತಾರೀಖು ಹೆಕ್ಕುವುದು

ಪ್ರಶ್ನೆ: ನಮ್ಮದು 110 ಹಾಸಿಗೆಯ ಆಸ್ಪತ್ರೆ. ಎಚ್‌ಆರ್‌ನಲ್ಲಿ ನಾನೊಬ್ಬಳೇ. ನರ್ಸ್‌ಗಳ ಬಿಎಲ್‌ಎಸ್ ಕಾರ್ಡ್‌ಗಳು ಸ್ವಲ್ಪ ಫೈಲಿನಲ್ಲಿವೆ, ಸ್ವಲ್ಪ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದಿವೆ. ಬಯೋಮೆಡಿಕಲ್ ವೇಸ್ಟ್ ತರಬೇತಿಯ ಹಾಜರಿ ಹಾಳೆಗಳು ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಹತ್ತಿರ. ವಾರ್ಡ್ ಇನ್‌ಚಾರ್ಜ್‌ಗಳು ತಮ್ಮ ತಮ್ಮ ಎಕ್ಸೆಲ್ ಇಟ್ಟುಕೊಂಡಿದ್ದಾರೆ. ಎಲ್ಲ ಒಂದು ಕಡೆ ತಂದು ಈ ವರ್ಷದ ರಿಫ್ರೆಶರ್ ಪ್ಲಾನ್ ಮಾಡಬೇಕು. ಹೊಸ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ, ಮೇಡಂ?

ಉತ್ತರ: ಜನರ ಪಟ್ಟಿಯಿಂದ ಶುರು ಮಾಡಿ. ತಾರೀಖಿನ ಕಡೆ ಈಗಲೇ ಹೋಗಬೇಡಿ.

ಎಲ್ಲರೂ ಇದರ ಉಲ್ಟಾ ಮಾಡುತ್ತಾರೆ. ಸಿಕ್ಕಿದ ಸರ್ಟಿಫಿಕೇಟ್‌ಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದೊಂದೇ ಎಕ್ಸೆಲ್‌ಗೆ ಏರಿಸುತ್ತಾ ಹೋಗುತ್ತಾರೆ. ಕೊನೆಗೆ ಸರ್ಟಿಫಿಕೇಟ್ ಇರುವವರ ಚೆಂದದ ಪಟ್ಟಿ ಸಿಗುತ್ತದೆ. ನಮಗೆ ಬೇಕಾದದ್ದು ಸರ್ಟಿಫಿಕೇಟ್ ಇಲ್ಲದವರ ಪಟ್ಟಿ ಅಲ್ವಾ? ಅದು ಸರ್ಟಿಫಿಕೇಟ್‌ಗಳ ಗುಡ್ಡೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹೋದ ತಿಂಗಳ ಸಂಬಳದ ಪಟ್ಟಿ ತೆಗೆದುಕೊಳ್ಳಿ. ಇವತ್ತು ಯಾರು ಕೆಲಸದಲ್ಲಿದ್ದಾರೆ ಅನ್ನುವುದಕ್ಕೆ ಆಸ್ಪತ್ರೆಯಲ್ಲಿ ಅದಕ್ಕಿಂತ ನಂಬಿಕೆಯ ಕಾಗದ ಇನ್ನೊಂದಿಲ್ಲ. ಬಿಟ್ಟು ಹೋದವರಿಗೆ ಸಂಬಳ ಹಾಕಿರುವುದಿಲ್ಲ, ಇರುವವರಿಗೆ ಹಾಕದಿದ್ದರೆ ಅವರೇ ಬಂದು ಕೇಳಿರುತ್ತಾರೆ. ಎಂಪ್ಲಾಯಿ ನಂಬರ್, ಹೆಸರು, ವಾರ್ಡ್, ಸೇರಿದ ತಾರೀಖು, ಮೊಬೈಲ್ ನಂಬರ್, ಇಷ್ಟು ಸಾಕು. ಈ ಶೀಟ್‌ಗೆ `Staff` ಅಂತ ಹೆಸರಿಡಿ.

ಆಮೇಲೆ ಹೌಸ್‌ಕೀಪಿಂಗ್ ಏಜೆನ್ಸಿಯವರಿಗೆ ಫೋನ್ ಮಾಡಿ ಅವರ ಪಟ್ಟಿಯನ್ನೂ ತರಿಸಿಕೊಳ್ಳಿ. ಇದನ್ನು ಮರೆಯುವವರೇ ಜಾಸ್ತಿ. ಬಯೋಮೆಡಿಕಲ್ ವೇಸ್ಟ್ ಮ್ಯಾನೇಜ್‌ಮೆಂಟ್ ನಿಯಮಗಳು, 2016 ಹೇಳುವುದು ನಿಮ್ಮ ಸಂಬಳದ ಪಟ್ಟಿಯಲ್ಲಿ ಇರುವವರ ಬಗ್ಗೆ ಮಾತ್ರ ಅಲ್ಲ. ಆರೋಗ್ಯ ಸಿಬ್ಬಂದಿಯ ಜೊತೆಗೆ ಈ ತ್ಯಾಜ್ಯವನ್ನು ಮುಟ್ಟುವ ಉಳಿದವರಿಗೂ ತರಬೇತಿ ಆಗಬೇಕು. ಕೆಲಸಕ್ಕೆ ಸೇರುವಾಗ ಒಂದು ಸಲ, ಆಮೇಲೆ ವರ್ಷಕ್ಕೆ ಒಂದು ಸಲವಾದರೂ. ದಿನಾ ಹಳದಿ ಚೀಲ, ಕೆಂಪು ಚೀಲ ಎತ್ತುವವರು ಏಜೆನ್ಸಿಯ ಜನ. ಅವರಿಗೆ ನಿಮ್ಮ ಎಂಪ್ಲಾಯಿ ನಂಬರ್ ಇರುವುದಿಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ನೀವೇ `HK01`, `HK02` ಅಂತ ನಂಬರ್ ಕೊಟ್ಟು ಅದೇ ಶೀಟ್‌ಗೆ ಸೇರಿಸಿ. ಅಲ್ಲಿ ಜನ ಬೇಗ ಬೇಗ ಬದಲಾಗುತ್ತಾರೆ. ಬಿಟ್ಟು ಹೋದವರ ನಂಬರನ್ನು ಹೊಸಬರಿಗೆ ಕೊಡಬೇಡಿ, ಕೊಟ್ಟರೆ ಹಳಬರ ತರಬೇತಿ ಹೊಸಬರ ಲೆಕ್ಕಕ್ಕೆ ಬಿದ್ದುಬಿಡುತ್ತದೆ.

ಈಗ ದಾಖಲೆಗಳು. ಇದಕ್ಕೆ `Log` ಅಂತ ಇನ್ನೊಂದು ಶೀಟ್ ಮಾಡಿ. ಒಬ್ಬರು ಒಂದು ತರಬೇತಿ ಮುಗಿಸಿದ್ದಕ್ಕೆ ಒಂದು ಸಾಲು. ಅದೇ ನರ್ಸ್ 2022ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ಬಿಎಲ್‌ಎಸ್ ಮಾಡಿದ್ದರೆ ಎರಡು ಸಾಲು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು ಬೇಡ. ನಿಮ್ಮ ಇನ್‌ಚಾರ್ಜ್‌ಗಳ ಎಕ್ಸೆಲ್‌ನಲ್ಲಿ ಒಬ್ಬರಿಗೆ ಒಂದು ಸಾಲು, ತರಬೇತಿಗೊಂದು ಕಾಲಂ ಇರುತ್ತದೆ. ನೋಡಲು ಚೆನ್ನಾಗಿರುತ್ತದೆ, ಆದರೆ ಪ್ರತಿ ಸಲ ಹಳೆ ತಾರೀಖಿನ ಮೇಲೆ ಹೊಸದನ್ನು ಬರೆದಿರುತ್ತಾರೆ. ಆ ತಾರೀಖು ಎಲ್ಲಿಂದ ಬಂತು ಅಂತ ಕೇಳಿದರೆ ಬರೆದವರಿಗೂ ನೆನಪಿರುವುದಿಲ್ಲ.

`Log` ಶೀಟ್‌ನಲ್ಲಿ ನಾನು ಇಡುವ ಕಾಲಂಗಳು ಇಷ್ಟೇ. A ನಲ್ಲಿ ಎಂಪ್ಲಾಯಿ ನಂಬರ್. B ನಲ್ಲಿ ದಾಖಲೆಯಲ್ಲಿ ಹೆಸರು ಹೇಗೆ ಬರೆದಿದೆಯೋ ಹಾಗೇ. C ನಲ್ಲಿ ಕೋರ್ಸ್. D ನಲ್ಲಿ ಮುಗಿಸಿದ ತಾರೀಖು. E ನಲ್ಲಿ ಕಾರ್ಡ್ ಮೇಲೆ ಅಚ್ಚಾಗಿರುವ ಮುಕ್ತಾಯದ ತಾರೀಖು, ಇದ್ದರೆ ಮಾತ್ರ. F ನಲ್ಲಿ ಆಧಾರ: ಕಾರ್ಡೇ ಇದ್ದರೆ `Card`, ಸಹಿ ಇರುವ ಹಾಜರಿ ಹಾಳೆಯಾದರೆ `Attendance`, ಬರೀ ಇನ್‌ಚಾರ್ಜ್ ಪಟ್ಟಿಯಾದರೆ `List`. G ನಲ್ಲಿ ಆ ಕಾಗದ ಅಥವಾ ಫೋಟೋ ಈಗ ಎಲ್ಲಿದೆ ಅನ್ನುವುದು.

F ಕಾಲಂ ಬಗ್ಗೆ ಸ್ವಲ್ಪ ಹಟ ಹಿಡಿಯಿರಿ. ಇನ್‌ಚಾರ್ಜ್ ಎಕ್ಸೆಲ್‌ನಲ್ಲಿ "ಡನ್" ಅಂತ ಇದ್ದರೆ ಅದು ಹುಡುಕಲು ಒಂದು ಸುಳಿವು, ಅಷ್ಟೇ. ಹಾಜರಿ ಹಾಳೆಯಲ್ಲಿ ಸಹಿ ಇದ್ದರೆ ಬಂದಿದ್ದರು ಅಂತ ಗೊತ್ತಾಗುತ್ತದೆ. ಬಯೋಮೆಡಿಕಲ್ ವೇಸ್ಟ್ ತರಬೇತಿಗೆ ಅಷ್ಟು ಸಾಕು. ಬಿಎಲ್‌ಎಸ್‌ಗೆ ಸಾಲದು. ಅಲ್ಲಿ ಬೊಂಬೆಯ ಮೇಲೆ ಎದೆ ಒತ್ತಿ ತೋರಿಸಬೇಕು, ಪರೀಕ್ಷೆ ಬರೆಯಬೇಕು, ಎರಡರಲ್ಲೂ ಪಾಸಾದರೆ ಕಾರ್ಡ್. ಬಂದು ಕೂತು ಊಟ ಮಾಡಿ ಹೋದವರ ಸಹಿಯೂ ಹಾಳೆಯಲ್ಲಿರುತ್ತದೆ. ಇನ್ನೊಂದು ವಿಷಯ: ನಿಮ್ಮದೇ ಅನಸ್ತೇಶಿಯಾ ಡಾಕ್ಟರು ಒಂದು ಮಧ್ಯಾಹ್ನ ಸಿಪಿಆರ್ ಹೇಳಿಕೊಟ್ಟಿದ್ದರೆ ಅದು ಒಳ್ಳೆಯ ತರಬೇತಿಯೇ, ಆದರೆ ಅದನ್ನು `BLS` ಅಂತ ಬರೆಯಬೇಡಿ. `CPR-inhouse` ಅಂತ ಬೇರೆ ಹೆಸರು ಕೊಡಿ. ಒಂದೇ ಹೆಸರಿನಡಿ ಎರಡನ್ನೂ ಹಾಕಿದರೆ, ಕಾರ್ಡ್ ಮುಗಿದು ವರ್ಷವಾದವರೂ ಹಸಿರು ಬಣ್ಣದಲ್ಲಿ ಕಾಣುತ್ತಾರೆ.

ವಾಟ್ಸಾಪ್ ಫೋಟೋಗಳ ವಿಷಯದಲ್ಲಿ ಒಂದು ಮಾತು. ಫೋಟೋ ಕಳಿಸಿದ ತಾರೀಖು ಬೇರೆ, ಕೋರ್ಸ್ ಮುಗಿಸಿದ ತಾರೀಖು ಬೇರೆ. ಫೈಲಿನ ಹೆಸರಿನಲ್ಲೇ `IMG-20250114` ಅಂತ ಇರುತ್ತದಲ್ಲ, ಅದನ್ನೇ ನೋಡಿ ತುಂಬಿದ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಫೋಟೋ ತೆರೆದು ಓದಲೇಬೇಕು. ಓದಿದ ಮೇಲೆ `1043_BLS_2024-06-15.jpg` ಹೀಗೆ ಹೆಸರು ಬದಲಿಸಿ ಒಂದೇ ಫೋಲ್ಡರ್‌ನಲ್ಲಿ ಇಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕಾರ್ಡ್ ಆಗಿದ್ದರೆ ಅದರ ಮೇಲೆ `eCard Code` ಅಂತ ಒಂದು ಸಂಖ್ಯೆ ಇರುತ್ತದೆ. ಫೋಟೋ ಮಸುಕಾಗಿದ್ದರೂ ಆ ಸಂಖ್ಯೆ ಓದಲು ಬಂದರೆ ಅವರ ವೆಬ್‌ಸೈಟ್‌ನಲ್ಲಿ ಹಾಕಿ ಕಾರ್ಡ್ ನಿಜವೇ, ತಾರೀಖು ಏನು ಅಂತ ನೋಡಿಕೊಳ್ಳಬಹುದು.

ಇನ್ನು ಹೆಸರುಗಳು. ಈ ಕೆಲಸದಲ್ಲಿ ಅರ್ಧ ಸಮಯ ಇಲ್ಲೇ ಹೋಗುತ್ತದೆ. ಸಂಬಳದ ಪಟ್ಟಿಯಲ್ಲಿ `Lakshmi H R`. ಹಾಜರಿ ಹಾಳೆಯಲ್ಲಿ `Laxmi`. ಬಿಎಲ್‌ಎಸ್ ಕಾರ್ಡ್‌ನಲ್ಲಿ `H.R. Lakshmi`. ಮದುವೆಯಾದ ಮೇಲೆ ತೆಗೆಸಿದ ಕಾರ್ಡ್‌ನಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ನಮ್ಮ ಕಡೆ ಇನಿಷಿಯಲ್ ಹಿಂದೆಯೂ ಬರುತ್ತದೆ, ಮುಂದೆಯೂ ಬರುತ್ತದೆ. ಊರಿನ ಹೆಸರಿನದು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಒಂದೇ ವಾರ್ಡ್‌ನಲ್ಲಿ ಇಬ್ಬರು ಮಂಜುಳಾ ಇರುವುದು ಅಪರೂಪವೇನಲ್ಲ. ಹೆಸರನ್ನೇ ಹಿಡಿದು `VLOOKUP` ಹಾಕಿದರೆ ಒಂದು ಮಂಜುಳಾಗೆ ಎರಡೂ ಕಾರ್ಡ್ ಸಿಗುತ್ತದೆ, ಇನ್ನೊಬ್ಬರಿಗೆ ಏನೂ ಇಲ್ಲ.

ನಾನು ಮಾಡುವುದು ಹೀಗೆ. `Names` ಅಂತ ಮೂರನೇ ಶೀಟ್. ಎಡಗಡೆ ದಾಖಲೆಗಳಲ್ಲಿ ಕಂಡ ಪ್ರತಿಯೊಂದು ಬರವಣಿಗೆ, ತಪ್ಪಿದ್ದರೂ ಹಾಗೇ. ಪಕ್ಕದಲ್ಲಿ ಅದು ಸಿಕ್ಕ ವಾರ್ಡ್. ಬಲಗಡೆ ಎಂಪ್ಲಾಯಿ ನಂಬರ್. `Laxmi, ಐಸಿಯು` ಅಂದರೆ 1043 ಅಂತ ಒಮ್ಮೆ ತೀರ್ಮಾನ ಮಾಡಿ ಬರೆದಿಟ್ಟರೆ, ಮುಂದಿನ ಹಾಳೆಯಲ್ಲಿ ಮತ್ತೆ ಅದೇ ಬಂದಾಗ ಯೋಚಿಸಬೇಕಾಗಿಲ್ಲ. ಗೊತ್ತಾಗದಿದ್ದರೆ ಮೊಬೈಲ್ ನಂಬರ್ ನೋಡಿ, ಹಾಜರಿ ಹಾಳೆಯಲ್ಲಿ ಅದನ್ನು ಬರೆಸಿಕೊಂಡಿರುವುದುಂಟು. ಅದೂ ಇಲ್ಲದಿದ್ದರೆ ಹಾಳೆಯನ್ನು ಹಿಡಿದುಕೊಂಡು ವಾರ್ಡ್‌ಗೆ ಹೋಗಿ "ಈ ಸಹಿ ಯಾರದು ಸಿಸ್ಟರ್" ಅಂತ ಕೇಳುವುದೇ ದಾರಿ. ಐದು ನಿಮಿಷದ ಕೆಲಸ. ಊಹೆ ಮಾಡಿ ತುಂಬಬೇಡಿ. ಗೊತ್ತಾಗದ್ದನ್ನು ನಂಬರ್ ಹಾಕದೆ ಖಾಲಿ ಬಿಡಿ.

ಈಗ ತಾರೀಖು. ಇಲ್ಲಿ ನಾನೇ ಒಮ್ಮೆ ಬಿದ್ದಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಹೊರಗಿನ ತರಬೇತುದಾರರು ಕಳಿಸಿದ ಎಕ್ಸೆಲ್ ಅನ್ನು ನೇರವಾಗಿ ನನ್ನ ಶೀಟ್‌ಗೆ ಅಂಟಿಸಿಬಿಟ್ಟೆ. ತಿಂಗಳಾದ ಮೇಲೆ ಒಬ್ಬ ಸಿಸ್ಟರ್ ಬಂದು "ನನ್ನ ಕಾರ್ಡ್ ಆಗಲೇ ಮುಗಿದಿದೆ, ನಿಮ್ಮ ಪಟ್ಟಿಯಲ್ಲಿ ಇನ್ನೂ ಆರು ತಿಂಗಳಿದೆ ಅಂತ ಇದೆಯಲ್ಲ" ಅಂದರು. ನೋಡಿದರೆ, ಏಪ್ರಿಲ್ 10 ಆಗಬೇಕಿದ್ದದ್ದು ಅಕ್ಟೋಬರ್ 4 ಆಗಿತ್ತು.

ಕಾರಣ ಇಷ್ಟೇ. ನಾವು ಬರೆಯುವುದು ದಿನ, ತಿಂಗಳು, ವರ್ಷ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಎಕ್ಸೆಲ್ ಓದುವುದು ತಿಂಗಳು, ದಿನ, ವರ್ಷ. `10/04/2023` ಅಂತ ಇದ್ದರೆ ಅದು ಅಕ್ಟೋಬರ್ 4 ಅಂದುಕೊಳ್ಳುತ್ತದೆ. `25/06/2023` ಬಂದಾಗ 25ನೇ ತಿಂಗಳು ಅಂತ ಒಂದಿಲ್ಲವಲ್ಲ, ಅದನ್ನು ತಾರೀಖು ಅಂತಲೇ ಒಪ್ಪದೆ ಸುಮ್ನೆ ಅಕ್ಷರಗಳಾಗಿ ಬಿಡುತ್ತದೆ. ಎರಡೂ ಕಣ್ಣಿಗೆ ತಾರೀಖಿನ ಹಾಗೇ ಕಾಣುತ್ತವೆ. ಯಾವ ತಪ್ಪಿನ ಗುರುತೂ ಬರುವುದಿಲ್ಲ.

ಪತ್ತೆ ಹಚ್ಚುವುದು ಸುಲಭ. ಕಾಲಂ ಅಗಲ ಮಾಡಿ ನೋಡಿ. ನಿಜವಾದ ತಾರೀಖು ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ಯಾರಾದರೂ ಎಲ್ಲವನ್ನೂ ನಡುವಿಗೆ ತಂದಿದ್ದರೆ ಪಕ್ಕದಲ್ಲಿ `=ISNUMBER(D2)` ಹಾಕಿ. `FALSE` ಬಂದದ್ದರಲ್ಲೆಲ್ಲ ದಿನ 12ಕ್ಕಿಂತ ಜಾಸ್ತಿ ಇದ್ದು, `TRUE` ಬಂದದ್ದರಲ್ಲಿ ತಿಂಗಳು, ದಿನ ಎರಡೂ 12ರ ಒಳಗೇ ಇದ್ದರೆ, ಆ ಫೈಲಿನ ಎಲ್ಲ `TRUE` ಸಾಲುಗಳೂ ಅದಲುಬದಲಾಗಿವೆ ಅಂತಲೇ ಅರ್ಥ. ಆಗ ಆ ಫೈಲಿಗೆ ಮಾತ್ರ ಹೊಸ ಕಾಲಂನಲ್ಲಿ ಹೀಗೆ ಸರಿ ಮಾಡಿ:

```
=IF(ISNUMBER(D2),
  DATE(YEAR(D2),DAY(D2),MONTH(D2)),
  DATE(RIGHT(D2,4),MID(D2,4,2),LEFT(D2,2)))
```

ಮೊದಲ ಅರ್ಧ ಉಲ್ಟಾ ಆದದ್ದನ್ನು ತಿರುಗಿಸುತ್ತದೆ, ಎರಡನೆಯದು ಅಕ್ಷರವಾಗಿ ಉಳಿದದ್ದನ್ನು ತಾರೀಖು ಮಾಡುತ್ತದೆ. ಎರಡನೆಯದು ಕೆಲಸ ಮಾಡಬೇಕಾದರೆ `25/06/2023` ಅಂತ ಎರಡೆರಡು ಅಂಕಿಯೇ ಇರಬೇಕು, ಮುಂದೆ ಹಿಂದೆ ಖಾಲಿ ಜಾಗ ಇರಬಾರದು. ಸರಿಯಾಗಿರುವ ಫೈಲಿಗೆ ಇದನ್ನು ಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ. ಅದಕ್ಕೇ ಪ್ರತಿ ಫೈಲನ್ನು ಬೇರೆ ಬೇರೆಯಾಗಿ ನೋಡಿ, ಸರಿಪಡಿಸಿ, ಆಮೇಲೆ `Log` ಗೆ ಸೇರಿಸಿ. ಎಲ್ಲ ಅಂಟಿಸಿದ ಮೇಲೆ ಯಾವುದು ಉಲ್ಟಾ, ಯಾವುದು ನೆಟ್ಟಗಿದೆ ಅಂತ ಬಿಡಿಸಲು ಬರುವುದಿಲ್ಲ.

ಇನ್ನೊಂದು ಚಿಕ್ಕ ಹೊಂಡ. ಜೂನ್ 2024 ಅನ್ನುವುದಕ್ಕೆ `Jun-24` ಅಂತ ಟೈಪ್ ಮಾಡುವವರು ಇರುತ್ತಾರೆ. ಎಕ್ಸೆಲ್ ಅದನ್ನು ಈ ವರ್ಷದ ಜೂನ್ 24 ಅಂತ ಓದಿಬಿಡಬಹುದು. ಕೋಶದಲ್ಲಿ `24-Jun` ಅಂತ ವರ್ಷವಿಲ್ಲದೆ ಕಂಡರೆ ಅಲ್ಲಿ ನಿಲ್ಲಿ, ಕಾರ್ಡ್ ತೆರೆದು ನೋಡಿ. ಎಲ್ಲ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ: ಮುಗಿಸಿದ ತಾರೀಖು ಇವತ್ತಿಗಿಂತ ಮುಂದೆ ಇರುವ ಸಾಲು ಯಾವುದಾದರೂ ಇದೆಯೇ? ಆಸ್ಪತ್ರೆಯೊಳಗೇ ನಡೆದ ತರಬೇತಿಯ ತಾರೀಖು ಆ ವ್ಯಕ್ತಿ ಸೇರಿದ ದಿನಕ್ಕಿಂತ ಹಿಂದೆ ಇದೆಯೇ? ಎರಡೂ ಆಗಲು ಸಾಧ್ಯವಿಲ್ಲದವು. ಅಂಥ ಸಾಲು ಸಿಕ್ಕರೆ ಒಂದೋ ತಾರೀಖು ತಪ್ಪು, ಇಲ್ಲ ಆ ನಂಬರ್ ಬೇರೆಯವರದು.

ಮುಕ್ತಾಯದ ತಾರೀಖನ್ನು ಯಾರ ಪಟ್ಟಿಯಿಂದಲೂ ತೆಗೆದುಕೊಳ್ಳಬೇಡಿ. ಮುಗಿಸಿದ ತಾರೀಖು ಒಂದು ಘಟನೆ, ಅದಕ್ಕೆ ಕಾಗದ ಇರುತ್ತದೆ. ಮುಕ್ತಾಯ ಒಂದು ಲೆಕ್ಕ. ಆ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಕಾರ್ಡ್ ಎರಡು ವರ್ಷ ನಡೆಯುತ್ತದೆ, ಅದೂ ಆ ತಿಂಗಳ ಕೊನೆಯವರೆಗೆ. 2024ರ ಜೂನ್ 3ಕ್ಕೆ ಮುಗಿಸಿದವರದೂ, ಜೂನ್ 28ಕ್ಕೆ ಮುಗಿಸಿದವರದೂ 2026ರ ಜೂನ್ 30ಕ್ಕೇ ಮುಗಿಯುತ್ತದೆ. ಒಬ್ಬ ಇನ್‌ಚಾರ್ಜ್ 730 ದಿನ ಕೂಡಿಸಿರುತ್ತಾರೆ, ಇನ್ನೊಬ್ಬರು ಬರೀ "06/2026" ಅಂತ ಬರೆದಿರುತ್ತಾರೆ. ಎಕ್ಸೆಲ್ ಈ ಎರಡನೆಯದನ್ನು ಜೂನ್ 1 ಅಂತ ಹಿಡಿಯುತ್ತದೆ, ಒಂದು ತಿಂಗಳು ಸುಮ್ನೆ ಹೋಯಿತು. ಬೇರೆ ಸಂಸ್ಥೆಯ ಕಾರ್ಡ್ ಆಗಿದ್ದರೆ ಅದರ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಹಿಡಿಯಿರಿ, ಎಲ್ಲಕ್ಕೂ ಎರಡು ವರ್ಷ ಅಂತ ಹಾಕಬೇಡಿ. ಅದಕ್ಕೆ ಕೋರ್ಸ್ ಕಾಲಂನಲ್ಲೂ ಬೇರೆ ಹೆಸರು ಇರಲಿ.

ಪ್ರತಿಯೊಬ್ಬರ ಕೊನೆಯ ಬಿಎಲ್‌ಎಸ್ ಯಾವಾಗ ಆಯಿತು ಅಂತ `Staff` ಶೀಟ್‌ಗೆ ತರಬೇಕು. ಅದಕ್ಕೆ F ಕಾಲಂನಲ್ಲಿ:

```
=MAXIFS(Log!D:D,Log!A:A,A2,Log!C:C,"BLS",Log!F:F,"Card")
```

G ಕಾಲಂನಲ್ಲಿ ಮುಕ್ತಾಯ:

```
=IF(F2=0,"NO RECORD",EOMONTH(F2,24))
```

`MAXIFS` ಎಕ್ಸೆಲ್ 2019ರಿಂದ ಇದೆ, ಗೂಗಲ್ ಶೀಟ್ಸ್‌ನಲ್ಲೂ ಇದೆ. ದಾಖಲೆಯೇ ಇಲ್ಲದವರಿಗೆ ಅದು ಖಾಲಿ ಬಿಡದೆ 0 ಕೊಡುತ್ತದೆ. ಆ ಸೊನ್ನೆಯೇ ತಾರೀಖಿನ ವೇಷದಲ್ಲಿ 1900ರ ಆಸುಪಾಸಿನ ದಿನವಾಗಿ ಕಾಣುತ್ತದೆ. `IF` ಹಾಕಿರುವುದು ಅದಕ್ಕೆ. ಮುಗಿದವರು ಬೇರೆ, ದಾಖಲೆ ಇಲ್ಲದವರು ಬೇರೆ. ಮೊದಲನೆಯವರನ್ನು ತರಬೇತಿಗೆ ಕಳಿಸಬೇಕು, ಎರಡನೆಯವರನ್ನು ಮೊದಲು "ಕಾರ್ಡ್ ಇದೆಯಾ" ಅಂತ ಕೇಳಬೇಕು. D ಕಾಲಂನಲ್ಲಿ ಅಕ್ಷರವಾಗಿ ಉಳಿದ ತಾರೀಖನ್ನು `MAXIFS` ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಾರ್ಡ್ ಕೈಯಲ್ಲಿದ್ದೂ `NO RECORD` ಅಂತ ಬಂದರೆ ಮೊದಲು ಆ ಸಾಲಿನ ತಾರೀಖನ್ನು ನೋಡಿ. ಕೋರ್ಸ್ ಕಾಲಂನಲ್ಲಿ ಬೇರೆ ಹೆಸರು ಕೊಟ್ಟ ಬೇರೆ ಸಂಸ್ಥೆಯ ಕಾರ್ಡ್‌ನವರಿಗೂ ಹಾಗೇ ಬರುತ್ತದೆ, ಅವರ G ಕಾಲಂನಲ್ಲಿ ಕಾರ್ಡ್ ಮೇಲಿನ ಮುಕ್ತಾಯದ ತಾರೀಖನ್ನೇ ಬರೆಯಿರಿ.

ಕಾರ್ಡ್ ಮೇಲೆ `Renew By` ಅಂತ ಅಚ್ಚಾಗಿರುವುದನ್ನು E ಕಾಲಂನಲ್ಲಿ ಬರೆದಿದ್ದೀರಲ್ಲ, ಅದನ್ನು ನಿಮ್ಮ ಲೆಕ್ಕದ ಜೊತೆ ಹೋಲಿಸಿ. ತಿಂಗಳು ಹೊಂದದಿದ್ದರೆ ಎಲ್ಲೋ ಟೈಪ್ ಮಾಡುವಾಗ ತಪ್ಪಾಗಿದೆ, ಇಲ್ಲ ಅದು ಆ ಸಂಸ್ಥೆಯ ಕಾರ್ಡೇ ಅಲ್ಲ.

ಈಗ ಪ್ಲಾನ್. ನಿಮ್ಮಲ್ಲಿ 72 ನರ್ಸ್‌ಗಳು ಅಂತ ಇಟ್ಟುಕೊಳ್ಳೋಣ, ತರಬೇತುದಾರರು ಒಂದು ಬ್ಯಾಚ್‌ಗೆ 12 ಜನರನ್ನು ತೆಗೆದುಕೊಳ್ಳುತ್ತಾರೆ, ನೀವು 2026ರ ಫೆಬ್ರವರಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದೀರಿ. ಶೀಟ್ ಹೀಗೆ ಹೇಳುತ್ತದೆ: 9 ಜನರದು ಮುಗಿದಿದೆ. 12 ಜನರಿಗೆ ದಾಖಲೆ ಇಲ್ಲ. 30 ಜನರದು ಜೂನ್ ಕೊನೆಗೆ ಮುಗಿಯುತ್ತದೆ. 13 ಜನರದು ಸೆಪ್ಟೆಂಬರ್‌ಗೆ. ಉಳಿದ 8 ಜನರದು 2027ಕ್ಕೆ.

ಆ 30ರ ಗುಂಪನ್ನು ನೋಡಿ. ಹೀಗೆ ಒಂದೇ ತಿಂಗಳಲ್ಲಿ ರಾಶಿ ಬೀಳುವುದು ಯಾಕೆ ಅಂದರೆ, ಎರಡು ವರ್ಷದ ಹಿಂದೆ ಯಾವುದೋ ಪರಿಶೀಲನೆ ಬರುತ್ತದೆ ಅಂತ ಒಂದೇ ತಿಂಗಳಲ್ಲಿ ಎಲ್ಲರಿಗೂ ಮಾಡಿಸಿರುತ್ತಾರೆ. ಈಗ ಎಲ್ಲವೂ ಒಂದೇ ದಿನ ಮುಗಿಯುತ್ತದೆ. ಜೂನ್‌ನಲ್ಲೇ ಮತ್ತೆ ಮೂವತ್ತೂ ಜನಕ್ಕೆ ಮಾಡಿಸಿದರೆ 2028ರ ಜೂನ್‌ನಲ್ಲಿ ಇದೇ ರಾಶಿ. ಒಡೆಯಲು ಇದೇ ಸಮಯ.

ಮೊದಲು ದಾಖಲೆ ಇಲ್ಲದ 12 ಜನರಿಗೆ ಎರಡು ವಾರ ಕೊಡಿ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಹೆಸರು ಹಾಕಿ ಕೇಳಬೇಡಿ, ಒಬ್ಬೊಬ್ಬರಿಗೇ ಮೆಸೇಜ್ ಮಾಡಿ, ಕಾರ್ಡ್‌ನ ಫೋಟೋ ಬೇಕು ಅಂತ. ಐವರ ಹತ್ತಿರ 2027ರವರೆಗೆ ನಡೆಯುವ ಕಾರ್ಡ್ ಸಿಕ್ಕಿತು ಅಂದುಕೊಳ್ಳಿ. ಉಳಿದ 7, ಮುಗಿದಿರುವ 9, ಒಟ್ಟು 16 ಜನ ತುರ್ತು.

ಮಾರ್ಚ್ ಬ್ಯಾಚ್‌ಗೆ ಈ 16ರಲ್ಲಿ 12 ಜನ. ಐಸಿಯು, ಎಮರ್ಜೆನ್ಸಿ, ಡಯಾಲಿಸಿಸ್‌ನವರು ಮೊದಲು. ಏಪ್ರಿಲ್‌ಗೆ ಉಳಿದ 4, ಜೊತೆಗೆ ಜೂನ್ ಗುಂಪಿನಿಂದ 8. ಮೇ ತಿಂಗಳಲ್ಲಿ ಜೂನ್ ಗುಂಪಿನ 12. ಜೂನ್ ಮೊದಲ ವಾರ ಕೊನೆಯ 10. ಎಂಟು, ಹನ್ನೆರಡು, ಹತ್ತು, ಮೂವತ್ತಾಯಿತು. ನಾಲ್ಕು ಬ್ಯಾಚ್‌ನಲ್ಲಿ 48 ಜಾಗ, 46 ಜನ. ಜೂನ್‌ನ ಎರಡು ಜಾಗ ಖಾಲಿ ಬಿಡಿ, ಹಿಂದಿನ ಬ್ಯಾಚ್‌ಗಳಲ್ಲಿ ಜ್ವರ ಅಂತಲೋ ಡ್ಯೂಟಿ ಅಂತಲೋ ತಪ್ಪಿಸಿಕೊಂಡವರಿಗೆ ಬೇಕಾಗುತ್ತದೆ. ಜೂನ್ ಬ್ಯಾಚ್ ಮೊದಲ ವಾರದಲ್ಲೇ ಇರಲಿ ಅನ್ನುವುದೂ ಅದಕ್ಕೇ. ಕೊನೆಯ ವಾರ ಇಟ್ಟು ಒಬ್ಬರು ಫೇಲಾದರೆ ಮತ್ತೆ ಕೂರಿಸಲು ದಿನ ಉಳಿದಿರುವುದಿಲ್ಲ.

ಏಪ್ರಿಲ್‌ನಲ್ಲಿ ಮಾಡಿಸಿದವರಿಗೆ ಎರಡು ತಿಂಗಳ ನಷ್ಟ ಇದೆ, ಮುಚ್ಚಿಡುವುದಿಲ್ಲ. ಹೊಸ ಕಾರ್ಡ್ ಹೊಸ ತಾರೀಖಿನಿಂದ ಎಣಿಕೆಯಾಗುತ್ತದೆ, ಹಳೆಯದರ ಉಳಿದ ದಿನ ಸೇರುವುದಿಲ್ಲ. ಇಪ್ಪತ್ತನಾಲ್ಕರಲ್ಲಿ ಎರಡು ಹೋಯಿತು. ಒಂದು ಸಲಕ್ಕೆ ಅದು ಪರವಾಗಿಲ್ಲ, ಯಾಕೆಂದರೆ 2028ರಲ್ಲಿ ಮುಕ್ತಾಯಗಳು ತಾವಾಗಿಯೇ ನಾಲ್ಕು ತಿಂಗಳಿಗೆ ಹರಡಿಕೊಳ್ಳುತ್ತವೆ. ಆದರೆ ಮೂರು ತಿಂಗಳಿಗಿಂತ ಮುಂಚೆ ಯಾರನ್ನೂ ಎಳೆಯಬೇಡಿ. ಕಾರ್ಡ್‌ಗೆ ಆಸ್ಪತ್ರೆ ದುಡ್ಡು ಕೊಡುತ್ತದೆ, ಅಕೌಂಟ್ಸ್‌ನವರು ಕೇಳೇ ಕೇಳುತ್ತಾರೆ.

ಏಪ್ರಿಲ್‌ನ ಆ ಎಂಟು ಜನರನ್ನು ಆರಿಸುವಾಗ ಒಂದೇ ವಾರ್ಡ್‌ನಿಂದ ತೆಗೆಯಬೇಡಿ. ಮುಕ್ತಾಯದ ತಾರೀಖಿನ ಪ್ರಕಾರ ವಿಂಗಡಿಸಿ ಮೇಲಿನ ಎಂಟು ಅಂತ ಕತ್ತರಿಸಿದರೆ, ಹಿಂದೆ ಒಟ್ಟಿಗೆ ಕಳಿಸಿದ್ದ ವಾರ್ಡೇ ಮತ್ತೆ ಒಟ್ಟಿಗೆ ಬರುತ್ತದೆ. ಅವತ್ತು ಆ ವಾರ್ಡ್ ಖಾಲಿ. ಇನ್‌ಚಾರ್ಜ್ ಬೈಯುತ್ತಾರೆ, ಆಮೇಲೆ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಪ್ರತಿ ವಾರ್ಡ್‌ನಿಂದ ಇಬ್ಬರಿಗಿಂತ ಜಾಸ್ತಿ ಬೇಡ. ಡ್ಯೂಟಿ ಪಟ್ಟಿ ಮುಂದಿನ ತಿಂಗಳಿಗೆ ತಯಾರಾಗುವ ಮೊದಲೇ ಹೆಸರುಗಳು ನರ್ಸಿಂಗ್ ಸೂಪರಿಂಟೆಂಡೆಂಟ್ ಕೈ ಸೇರಿರಬೇಕು. ಪಟ್ಟಿ ಬಂದ ಮೇಲೆ ಕೊಟ್ಟರೆ ಆ ಹುಡುಗಿಯರು ನೈಟ್ ಡ್ಯೂಟಿ ಮುಗಿಸಿಕೊಂಡು ಬೆಳಿಗ್ಗೆ ನೇರವಾಗಿ ಬೊಂಬೆಯ ಮುಂದೆ ಬಂದು ನಿಲ್ಲುತ್ತಾರೆ.

ಬಯೋಮೆಡಿಕಲ್ ವೇಸ್ಟ್ ತರಬೇತಿಯ ಲೆಕ್ಕವೇ ಬೇರೆ. ಅದನ್ನು ನಿಮ್ಮವರೇ ಮಾಡುತ್ತಾರೆ, ಒಂದು ಗಂಟೆಯ ಕೆಲಸ, ಬ್ಯಾಚ್‌ನ ತೊಂದರೆಯಿಲ್ಲ. ತೊಂದರೆ ಇರುವುದು "ವರ್ಷಕ್ಕೊಮ್ಮೆ" ಅನ್ನುವ ಮಾತಿನಲ್ಲಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪ್ರತಿವರ್ಷ ಜೂನ್ 30ರೊಳಗೆ ಫಾರ್ಮ್ 4ರಲ್ಲಿ ವಾರ್ಷಿಕ ವರದಿ ಕೊಡಬೇಕಲ್ಲ, ಅದು ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನದು. ಒಬ್ಬರು 2024ರ ಜನವರಿಯಲ್ಲಿ ಒಮ್ಮೆ, 2025ರ ಡಿಸೆಂಬರ್‌ನಲ್ಲಿ ಒಮ್ಮೆ ತರಬೇತಿ ಪಡೆದಿದ್ದರೆ ಎರಡೂ ವರ್ಷದ ವರದಿಯಲ್ಲಿ ಅವರು ಸೇರುತ್ತಾರೆ. ನಡುವೆ ಇಪ್ಪತ್ಮೂರು ತಿಂಗಳು ಯಾರೂ ಏನೂ ಹೇಳಿಕೊಟ್ಟಿಲ್ಲ. ಹಾಗಾಗಿ ವರದಿಗೆ ಕ್ಯಾಲೆಂಡರ್ ವರ್ಷದ ಎಣಿಕೆ ಇರಲಿ, ಪ್ಲಾನ್‌ಗೆ ಕೊನೆಯ ತಾರೀಖಿನಿಂದ ಹನ್ನೆರಡು ತಿಂಗಳು. `Staff` ಶೀಟ್‌ನ F ಕಾಲಂ ಬಿಎಲ್‌ಎಸ್‌ನದು, ಹಾಗಾಗಿ ಅದೇ ಶೀಟ್‌ನ H ಕಾಲಂನಲ್ಲಿ ಅದೇ `MAXIFS` ಅನ್ನು `"BLS"` ಬದಲು `"BMW"`, `"Card"` ಬದಲು `"Attendance"` ಅಂತ ಬದಲಿಸಿ ಹಾಕಿ, ಪಕ್ಕದಲ್ಲಿ `=IF(H2=0,"NO RECORD",EDATE(H2,12))`.

ಆ ಫಾರ್ಮ್ ಕೇಳುವ ಸಂಖ್ಯೆಗಳನ್ನು ಮೊದಲೇ ನೋಡಿಕೊಂಡರೆ `Log` ಹೇಗಿರಬೇಕು ಅಂತ ತಿಳಿಯುತ್ತದೆ. ಎಷ್ಟು ತರಬೇತಿ ನಡೆಯಿತು, ಎಷ್ಟು ಜನರಿಗೆ ಆಯಿತು, ಸೇರುವಾಗ ಎಷ್ಟು ಜನರಿಗೆ ಆಯಿತು, ಇನ್ನೂ ಯಾವ ತರಬೇತಿಯೂ ಆಗದವರು ಎಷ್ಟು. ಸೇರುವಾಗಿನದನ್ನು ಬೇರೆಯಾಗಿ ಕೇಳುತ್ತಾರೆ, ಆದ್ದರಿಂದ ಇಂಡಕ್ಷನ್ನೋ ರಿಫ್ರೆಶರ್ರೋ ಅಂತ H ಕಾಲಂ ಒಂದು ಸೇರಿಸಿ. ಎಷ್ಟು ಜನ ಅನ್ನುವ ಕಡೆ ಸಹಿಗಳನ್ನು ಎಣಿಸಬೇಡಿ. ಮೂರು ಸಲ ಬಂದು ಮೂರು ಸಹಿ ಹಾಕಿದವರು ಒಬ್ಬರೇ. ಮೂರೂ ಹಾಳೆ ಕೂಡಿಸಿ 210 ಅಂತ ಬರೆದು, ಒಟ್ಟು ಸಿಬ್ಬಂದಿ 160 ಅಂತ ಅದೇ ಫಾರ್ಮ್‌ನಲ್ಲಿ ಬರೆದರೆ ಓದುವವರಿಗೆ ನಗು ಬರುತ್ತದೆ. ಕೊನೆಯ ಪ್ರಶ್ನೆಗೆ ಉತ್ತರ ಜನರ ಪಟ್ಟಿ ಇಲ್ಲದೆ ಬರುವುದೇ ಇಲ್ಲ. ಮೊದಲು ಅದನ್ನೇ ಮಾಡಿ ಅಂದದ್ದು ಇದಕ್ಕೂ ಸೇರಿ.

ಏಜೆನ್ಸಿಯ ಹೌಸ್‌ಕೀಪಿಂಗ್‌ನವರಿಗೆ ತಿಂಗಳಿಗೊಂದು ದಿನ ಗೊತ್ತು ಮಾಡಿ, ಬೆಳಗಿನ ಶಿಫ್ಟ್ ಬಿಟ್ಟು ಮಧ್ಯಾಹ್ನದ ಶಿಫ್ಟ್ ಸೇರುವ ಹೊತ್ತಿಗೆ. ಎರಡೂ ಕಡೆಯವರು ಸಿಗುತ್ತಾರೆ. ಹೊಸದಾಗಿ ಸೇರಿದವರಿಗೆ ಮಾತ್ರ ಆ ದಿನದವರೆಗೆ ಕಾಯಬೇಡಿ, ಚೀಲ ಮುಟ್ಟುವ ಮೊದಲು ಆಗಬೇಕು.

ಇಷ್ಟೆಲ್ಲ ಒಮ್ಮೆ ಕೂತು ಮಾಡಿದರೆ ನಿಮಗೆ ಎರಡು ಮೂರು ವಾರ ಹಿಡಿಯಬಹುದು, ಬೇರೆ ಕೆಲಸದ ನಡುವೆ. ಮತ್ತೆ ಮುಂದಿನ ವರ್ಷ ಇದನ್ನೇ ಮಾಡಬಾರದು ಅಂದರೆ ಹಾಜರಿ ಹಾಳೆಯನ್ನು ಬದಲಿಸಿ. ಖಾಲಿ ಗೆರೆ ಎಳೆದ ಹಾಳೆ ಕಳಿಸುವುದು ನಿಲ್ಲಿಸಿ. `Staff` ಶೀಟ್‌ನಿಂದ ಆ ದಿನ ಬರಬೇಕಾದವರ ನಂಬರ್, ಹೆಸರು ಪ್ರಿಂಟ್ ಹಾಕಿ, ಸಹಿಗೆ ಮಾತ್ರ ಜಾಗ ಬಿಡಿ. ತಾರೀಖನ್ನೂ ನೀವೇ ಅಚ್ಚು ಹಾಕಿ, `15-Jun-2026` ಹೀಗೆ, ತಿಂಗಳು ಅಕ್ಷರದಲ್ಲಿ. ಪಟ್ಟಿಯಲ್ಲಿಲ್ಲದೆ ಬಂದವರಿಗೆ ಕೆಳಗೆ ನಾಲ್ಕು ಖಾಲಿ ಸಾಲು ಸಾಕು. ಹಾಳೆ ವಾಪಸ್ ಬಂದ ದಿನವೇ ಸಹಿ ಇರುವವರನ್ನು `Log` ಗೆ ಏರಿಸಿ, ಸಹಿ ಇಲ್ಲದವರು ತಾವಾಗಿಯೇ ಮುಂದಿನ ಬ್ಯಾಚ್‌ಗೆ ಬರುತ್ತಾರೆ.

ಸೆಪ್ಟೆಂಬರ್‌ನ ಆ 13 ಜನರನ್ನು ಮರೆತಿಲ್ಲ. ಬ್ಯಾಚ್‌ಗೆ 12 ಜಾಗ, ಒಬ್ಬರು ಹೆಚ್ಚು. ಜೂನ್‌ನಲ್ಲಿ ಬಿಟ್ಟ ಎರಡು ಜಾಗಕ್ಕೆ ಯಾರೂ ಬರದಿದ್ದರೆ ಅವರಲ್ಲಿ ಇಬ್ಬರನ್ನು ಅಲ್ಲೇ ಕೂರಿಸಿ, ಉಳಿದ 11 ಜನರಿಗೆ ಆಗಸ್ಟ್‌ನಲ್ಲಿ ಒಂದು ಬ್ಯಾಚ್ ಕೇಳಿ. ಆ ಹೊತ್ತಿಗೆ ಹೊಸದಾಗಿ ಸೇರಿದ ನರ್ಸ್ ಯಾರಾದರೂ ಇದ್ದೇ ಇರುತ್ತಾರೆ, ಹನ್ನೆರಡನೆಯ ಜಾಗ ಅವರಿಗೆ.